ಫೋ ಪಾ, ರಾಂದೆವೂ, ಆರ್‌ಎಸ್‌ವಿಪಿ: ಇಂಗ್ಲಿಷಿನೊಳಗಿನ ಫ್ರೆಂಚ್ ಮಾತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪತ್ರಿಕೆ, ಕಚೇರಿಯ ಇಮೇಲ್, ಆಮಂತ್ರಣ ಪತ್ರಿಕೆಗಳಲ್ಲಿ ಎದುರಾಗುವ ಫ್ರೆಂಚ್ ಮಾತುಗಳ ಕುರಿತು ಕನ್ನಡದ ಓದುಗರಿಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಇಲ್ಲಿವೆ. ಇದು ನಿಘಂಟಲ್ಲ. ಮೂರು ಮಾತುಗಳನ್ನು ವಿವರವಾಗಿ ನೋಡಿ, ಉಳಿದವುಗಳಲ್ಲಿ ದಾರಿ ತಪ್ಪಿಸುವ ಕೆಲವನ್ನು ಮಾತ್ರ ಎತ್ತಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಇಷ್ಟೊಂದು ಫ್ರೆಂಚ್ ಏಕಿದೆ?

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್ ಬಂದಿತು. ಆ ಕಾಲದಲ್ಲಿ ಸೇರಿಕೊಂಡ ಕೋರ್ಟ್, ಜಡ್ಜ್, ಬೀಫ್, ಮಟನ್ ಮುಂತಾದವು ಇಂದು ಯಾರ ಕಣ್ಣಿಗೂ ಪರಕೀಯವಾಗಿ ಕಾಣುವುದಿಲ್ಲ. ಪಾರಸಿಯ ಮೂಲಕ ಬಂದ ಅರ್ಜಿ, ಖಜಾನೆ, ತಹಶೀಲ್ದಾರ್ ಕನ್ನಡದಲ್ಲಿ ಕರಗಿಹೋದ ಹಾಗೆಯೇ ಅವೂ ಕರಗಿಹೋಗಿವೆ.

ನಾವು ಇಲ್ಲಿ ಮಾತನಾಡುತ್ತಿರುವುದು ಬಹುಮಟ್ಟಿಗೆ ಎರಡನೆಯ ಅಲೆಯ ಬಗ್ಗೆ. ಫ್ರಾನ್ಸಿನಲ್ಲೂ ದೇಶಭ್ರಷ್ಟನಾಗಿ ಕೆಲವು ವರ್ಷ ಕಳೆದಿದ್ದ ಎರಡನೆಯ ಚಾರ್ಲ್ಸ್ 1660ರಲ್ಲಿ ಸಿಂಹಾಸನಕ್ಕೆ ಮರಳಿದಾಗ ಲಂಡನ್ನಿನ ಶ್ರೀಮಂತ ವಲಯದಲ್ಲಿ ಫ್ರೆಂಚ್ ನಡೆನುಡಿ ಫ್ಯಾಷನ್ ಆಯಿತು. ಆಮೇಲೆ ಸುಮಾರು ಎರಡೂವರೆ ಶತಮಾನ ಯುರೋಪಿನ ರಾಜತಾಂತ್ರಿಕರು, ಅಡುಗೆಮನೆಗಳು, ದೊಡ್ಡವರ ದಿವಾನಖಾನೆಗಳು ಫ್ರೆಂಚನ್ನೇ ಮೇಲುಮಟ್ಟದ ಭಾಷೆಯೆಂದು ಬಗೆದವು. ಆಗ ಬಂದ ಮಾತುಗಳು ಫ್ರೆಂಚ್ ಉಡುಪನ್ನು ಕಳಚಲೇ ಇಲ್ಲ, ಏಕೆಂದರೆ ಆ ಉಡುಪಿಗಾಗಿಯೇ ಅವುಗಳನ್ನು ಕರೆತಂದಿದ್ದರು.

ಪದಶಃ ಅರ್ಥ ಗೊತ್ತಿದ್ದರೆ ಸಾಲದೇ?

ಸಾಲದು. ಫ್ರೆಂಚಿನಲ್ಲಿ ದಿನಬಳಕೆಯ ಮಾತಾಗಿರುವುದನ್ನು ಇಂಗ್ಲಿಷ್ ಯಾವುದೋ ಒಂದು ಸಂದರ್ಭದಲ್ಲಿ ಎತ್ತಿಕೊಂಡಿತು. ಆ ಸಂದರ್ಭದ ವಾಸನೆ ಪದಕ್ಕೆ ಅಂಟಿಕೊಂಡಿತು, ಉಳಿದ ಅರ್ಥಗಳು ಫ್ರಾನ್ಸಿನಲ್ಲೇ ಉಳಿದವು. ಹಾಗಾಗಿ ಇಂಗ್ಲಿಷಿನಲ್ಲಿ ಇವುಗಳ ಅರ್ಥ ಸಾಮಾನ್ಯವಾಗಿ ಮೂಲಕ್ಕಿಂತ ಕಿರಿದು. ಒಂದು ಫ್ರೆಂಚ್ ಮಾತನ್ನು ಕಂಡಾಗ ‘ಇದರ ಅರ್ಥವೇನು’ ಎನ್ನುವುದಕ್ಕಿಂತ ‘ಇದು ಇಂಗ್ಲಿಷಿಗೆ ಯಾವ ಬಾಗಿಲಿನಿಂದ ಬಂತು’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಸೇನೆಯಿಂದಲೋ, ಊಟದ ಮೇಜಿನಿಂದಲೋ, ಆಮಂತ್ರಣ ಪತ್ರಿಕೆಯಿಂದಲೋ ಎಂಬುದು ತಿಳಿದರೆ ಇಂದಿನ ಬಳಕೆ ತಾನಾಗಿ ಅರ್ಥವಾಗುತ್ತದೆ.

ಫೋ ಪಾ ಎಂದರೆ ತಪ್ಪು ಎಂದಷ್ಟೇ ಅಲ್ಲವೇ?

ಅಲ್ಲ. ಪದಶಃ ಅದು ‘ತಪ್ಪು ಹೆಜ್ಜೆ’. ಫ್ರೆಂಚಿನಲ್ಲಿ ಮೆಟ್ಟಿಲಿನ ಮೇಲೆ ಕಾಲು ತೊಡರಿದರೂ ಫೋ ಪಾ, ಮಂತ್ರಿಯೊಬ್ಬ ರಾಜಕೀಯವಾಗಿ ಎಡವಿದರೂ ಫೋ ಪಾ. ಇಂಗ್ಲಿಷಿನಲ್ಲಿ ಮೆಟ್ಟಿಲಿನ ಅರ್ಥ ಇಲ್ಲವೇ ಇಲ್ಲ. ಅಲ್ಲಿ ಉಳಿದಿರುವುದು ನಾಲ್ಕು ಜನರ ನಡುವೆ ಶಿಷ್ಟಾಚಾರ ಮೀರಿದ ಮುಜುಗರ ಮಾತ್ರ.

ಹೀಗಾಗಿ ಲೆಕ್ಕಪತ್ರದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಅದು ಫೋ ಪಾ ಅಲ್ಲ. ಸಾಫ್ಟ್‌ವೇರಿನ ದೋಷವೂ ಅಲ್ಲ, ವೈದ್ಯರು ತಪ್ಪು ಔಷಧ ಕೊಟ್ಟದ್ದಂತೂ ಖಂಡಿತ ಅಲ್ಲ. ವಿಚ್ಛೇದನವಾಗಿರುವ ಸಂಗತಿ ತಿಳಿಯದೆ ಅತಿಥಿಯೊಬ್ಬರನ್ನು ಎಲ್ಲರೆದುರು ‘ಯಜಮಾನರು ಬರಲಿಲ್ಲವೇ?’ ಎಂದು ಕೇಳಿದರೆ, ಅದು ಫೋ ಪಾ. ಮೂರು ಲಕ್ಷಣಗಳನ್ನು ನೋಡಬಹುದು: ಎದುರಿಗೆ ಜನರಿರಬೇಕು, ಮುರಿದದ್ದು ಕಾನೂನಲ್ಲ ಮರ್ಯಾದೆಯಾಗಿರಬೇಕು, ಉದ್ದೇಶ ಕೆಟ್ಟದ್ದಾಗಿರಬಾರದು. ಬೇಕೆಂದೇ ಚುಚ್ಚಿದರೆ ಅದು ಅವಮಾನ. ಸಾವುನೋವಿಗೆ ಕಾರಣವಾದ ಅಚಾತುರ್ಯವನ್ನು ಇಂಗ್ಲಿಷಿನಲ್ಲಿ ಫೋ ಪಾ ಎಂದು ಬರೆಯುವುದಿದೆಯಲ್ಲ, ಅದೇ ಒಂದು ಫೋ ಪಾ.

17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಮಾತು ಮುಂದೆ ಬಹುಕಾಲ ಹೆಣ್ಣಿನ ಶೀಲಕ್ಕೆ ಸಂಬಂಧಿಸಿದ ಪಿಸುಮಾತಾಗಿಯೂ ಬಳಕೆಯಲ್ಲಿತ್ತು. ನಮ್ಮ ‘ಕಾಲು ಜಾರಿದಳು’ ಎಂಬ ಮಾತಿನಲ್ಲಿ ಇರುವ ಅದೇ ಸೂಚನೆ. ಹಳೆಯ ಕಾದಂಬರಿಗಳಲ್ಲಿ ಒಬ್ಬಾಕೆಯ ಫೋ ಪಾ ಎಂದು ಓದಿದರೆ, ಆಕೆ ಚಮಚವನ್ನು ತಪ್ಪಾದ ಕೈಯಲ್ಲಿ ಹಿಡಿದಳೆಂದು ಭಾವಿಸಬೇಡಿ. ಇಂದಿನ ಇಂಗ್ಲಿಷಿನಲ್ಲಿ ಆ ಅರ್ಥ ಸವೆದುಹೋಗಿದೆ.

ಹಾಗಾದರೆ ಕನ್ನಡದಲ್ಲಿ ಫೋ ಪಾಗೆ ಏನೆನ್ನಬೇಕು?

ಸಂದರ್ಭ ನೋಡಿ ಆಭಾಸ, ಎಡವಟ್ಟು, ಅಚಾತುರ್ಯ. ಇವುಗಳಲ್ಲಿ ಆಭಾಸ ತೀರ ಹತ್ತಿರದ್ದು, ಏಕೆಂದರೆ ಅದರಲ್ಲಿ ನೋಡುವವರ ಮುಜುಗರವೂ ಸೇರಿದೆ. ಎಡವಟ್ಟಿನಲ್ಲಿ ಸ್ವಲ್ಪ ನಗು ಇದೆ, ಅಚಾತುರ್ಯ ಕ್ಷಮೆ ಕೇಳುವ ಹೇಳಿಕೆಗೆ ಸರಿಹೊಂದುತ್ತದೆ. ‘ತಪ್ಪು ಹೆಜ್ಜೆ’ ಎಂದು ಅನುವಾದಿಸಿದರೆ ಮಾತ್ರ ಕೆಡುತ್ತದೆ: ಕನ್ನಡದಲ್ಲಿ ಅದು ತಪ್ಪು ನಿರ್ಧಾರ, ಅಡ್ಡದಾರಿ ಎಂಬ ಕಡೆಗೆ ಹೊರಳುತ್ತದೆ.

ಅದರ ಬಹುವಚನ ಏನು?

ಬರಹದಲ್ಲಿ ಏನೂ ಬದಲಾಗುವುದಿಲ್ಲ, ಒಂದಾದರೂ ಹತ್ತಾದರೂ ಕಾಗುಣಿತ ಅದೇ. ಇಂಗ್ಲಿಷಿನವರು ಒಂದಕ್ಕೆ ‘ಫೋ ಪಾ’ ಎಂದೂ ಹಲವಕ್ಕೆ ‘ಫೋ ಪಾಜ಼್’ ಎಂದೂ ಉಚ್ಚರಿಸುತ್ತಾರೆ. ಕೊನೆಗೆ ಇ, ಎಸ್ ಅಕ್ಷರ ಸೇರಿಸಲು ಹೋಗಬೇಡಿ.

ದಂತವೈದ್ಯರ ಬಳಿ ರಾಂದೆವೂ ಇದೆ ಎಂದು ಫ್ರೆಂಚರು ಹೇಳುತ್ತಾರಂತೆ. ನಿಜವೇ?

ನಿಜ, ಅದರಲ್ಲಿ ತಮಾಷೆಯೇನೂ ಇಲ್ಲ. ಫ್ರಾನ್ಸಿನಲ್ಲಿ ವೈದ್ಯರು, ಬ್ಯಾಂಕ್, ಕ್ಷೌರದಂಗಡಿ, ಶಾಲೆಯ ಶಿಕ್ಷಕರು ಯಾರನ್ನು ಕಾಣಲು ಸಮಯ ಗೊತ್ತುಪಡಿಸಿಕೊಂಡರೂ ಅದು ರಾಂದೆವೂ. ನಾವು ‘ಅಪಾಯಿಂಟ್‌ಮೆಂಟ್’ ಎನ್ನುವ ಕಡೆಯೆಲ್ಲ ಅವರಿಗೆ ಈ ಪದ ಸಾಕು. ಪ್ರೇಮಿಗಳು ಸೇರುವುದೂ ರಾಂದೆವೂ ಆಗಬಹುದು, ಆದರೆ ಗುಟ್ಟು ಆ ಪದದೊಳಗೆ ಇಲ್ಲ.

ಮೂಲತಃ ಇದು ನಾಮಪದವೇ ಅಲ್ಲ, ಆಜ್ಞೆ: ‘ಹಾಜರಾಗಿ’ ಎಂದರ್ಥ. ಸೈನ್ಯಕ್ಕೆ ಸೇರುವ ಜಾಗ ತಿಳಿಸುವಾಗ ಕೊಡುತ್ತಿದ್ದ ಈ ಅಪ್ಪಣೆ ಕ್ರಮೇಣ ಆ ಜಾಗದ ಹೆಸರಾಯಿತು. ಇಂಗ್ಲಿಷಿಗೆ ಅದು ಬಂದದ್ದು ಈ ಸೇನೆಯ ಬಾಗಿಲಿನಿಂದಲೇ, 16ನೆಯ ಶತಮಾನದ ಕೊನೆಯ ಹೊತ್ತಿಗೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ನಾರ್ವೆಯ ಫೋರ್ಟಿನ್‌ಬ್ರಾಸ್ ತನ್ನ ದಳಪತಿಗೆ ಮರಳಿ ಕೂಡಿಕೊಳ್ಳುವ ಜಾಗದ ಬಗ್ಗೆ ಹೇಳುವಾಗ ಈ ಪದವನ್ನೇ ಬಳಸುತ್ತಾನೆ, ಅಲ್ಲಿ ಪ್ರಣಯದ ಸುಳಿವೂ ಇಲ್ಲ. 18ನೆಯ ಶತಮಾನದ ಇಂಗ್ಲಿಷ್ ಬಂದರುಗಳಲ್ಲಿ ನೌಕಾಪಡೆಗೆ ಜನರನ್ನು ಬಲವಂತದಿಂದ ಎಳೆದೊಯ್ಯುತ್ತಿದ್ದ ತಂಡಗಳ ಠಾಣೆಗೂ ರಾಂದೆವೂ ಎಂದೇ ಹೆಸರಿತ್ತು.

ಇಂದಿನ ಇಂಗ್ಲಿಷಿನಲ್ಲಿ ಪದ ಎರಡು ಕವಲಾಗಿದೆ. ಒಂದು, ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ಎರಡು ತಂಡಗಳು ಕೂಡುವುದು. ಮತ್ತೊಂದು, ಇಬ್ಬರು ಮೂರನೆಯವರ ಕಣ್ಣುತಪ್ಪಿಸಿ ಸೇರುವುದು. ದಂತವೈದ್ಯರ ಸಾದಾ ಅರ್ಥ ಇಂಗ್ಲಿಷಿನಲ್ಲಿ ಇಲ್ಲ. ಆದ್ದರಿಂದ ಗ್ರಾಹಕರೊಬ್ಬರಿಗೆ ಇಮೇಲ್ ಬರೆಯುವಾಗ ಮಂಗಳವಾರ ಮೂರು ಗಂಟೆಗೆ ‘ರಾಂದೆವೂ’ ಇಟ್ಟುಕೊಳ್ಳೋಣ ಎಂದರೆ, ಓದಿದವರಿಗೆ ಒಂದೋ ನಗು ಬರುತ್ತದೆ, ಇಲ್ಲವೇ ಇರಿಸುಮುರಿಸಾಗುತ್ತದೆ. ಅಲ್ಲಿ ಮೀಟಿಂಗ್ ಎಂಬ ಬಡ ಪದವೇ ಸರಿ. ಇಂಗ್ಲಿಷಿನಲ್ಲಿ ಇದು ಕ್ರಿಯಾಪದವೂ ಆಗುತ್ತದೆ. ಭೂತಕಾಲದಲ್ಲಿ ಕೊನೆಗೆ ಇ, ಡಿ ಸೇರಿಸಿ ‘ರಾಂಡೆವೂಡ್’ ಎನ್ನುತ್ತಾರೆ, ನೋಡಲು ವಿಕಾರವಾಗಿದ್ದರೂ ವ್ಯಾಕರಣ ಸರಿಯಾಗಿದೆ. ಫ್ರೆಂಚಿನಲ್ಲಿ ನಡುವೆ ಅಡ್ಡಗೆರೆ ಇರುತ್ತದೆ, ಇಂಗ್ಲಿಷ್ ಅದನ್ನು ಕೈಬಿಟ್ಟಿದೆ.

ಇಸ್ರೊ ಸುದ್ದಿಗಳಲ್ಲಿ ಬರುವ ರಾಂದೆವೂ ಯಾವುದು?

ಸೇನೆಯ ಕವಲಿನ ನೇರ ವಾರಸುದಾರ. ಅಂತರಿಕ್ಷ ತಂತ್ರಜ್ಞಾನದಲ್ಲಿ ಇದಕ್ಕೆ ಖಚಿತವಾದ ಅರ್ಥವಿದೆ: ಎರಡು ನೌಕೆಗಳು ಒಂದೇ ಕಕ್ಷೆಗೆ ಬಂದು, ವೇಗವನ್ನೂ ಸರಿಗೂಡಿಸಿಕೊಂಡು, ಪರಸ್ಪರ ಹತ್ತಿರ ನಿಲ್ಲುವುದು. ಅವು ಒಂದಕ್ಕೊಂದು ಬೆಸೆದುಕೊಳ್ಳುವುದು ಮುಂದಿನ ಹಂತ, ಅದರ ಹೆಸರು ಡಾಕಿಂಗ್. ಪತ್ರಿಕೆಗಳು ಎರಡನ್ನೂ ಒಂದೇ ಎಂಬಂತೆ ಬರೆಯುವುದುಂಟು.

ವ್ಯತ್ಯಾಸ ತಿಳಿಯಲು ಅಮೆರಿಕದ ಜೆಮಿನಿ ಯೋಜನೆ ನೋಡಿ. 1965ರ ಡಿಸೆಂಬರ್ 15ರಂದು ಜೆಮಿನಿ 6ಎ ಮತ್ತು ಜೆಮಿನಿ 7 ನೌಕೆಗಳು ಸುಮಾರು ಒಂದು ಅಡಿಯಷ್ಟು ಸಮೀಪಕ್ಕೆ ಬಂದವು, ಆದರೆ ಜೋಡಣೆಯಾಗಲಿಲ್ಲ. ಅದು ರಾಂದೆವೂ ಮಾತ್ರ. ಮರುವರ್ಷ ಮಾರ್ಚ್‌ನಲ್ಲಿ ಜೆಮಿನಿ 8 ಇನ್ನೊಂದು ನೌಕೆಗೆ ಕೂಡಿಕೊಂಡಿತು, ಅದು ಡಾಕಿಂಗ್. ಇಸ್ರೊದ ಸ್ಪೇಡೆಕ್ಸ್ ಉಪಗ್ರಹಗಳು 2024ರ ಡಿಸೆಂಬರ್ 30ರಂದು ಹಾರಿ, ಹಂತಹಂತವಾಗಿ ಹತ್ತಿರ ಬಂದು, 2025ರ ಜನವರಿ 16ರಂದು ಜೋಡಿಯಾದವು. ಆ ನಡುವಿನ ಎಚ್ಚರದ ಓಲಾಟವೆಲ್ಲ ರಾಂದೆವೂ ಲೆಕ್ಕಕ್ಕೆ ಸೇರುತ್ತದೆ. ಕನ್ನಡದಲ್ಲಿ ‘ಸಮಾಗಮ’ ಎಂದು ಬರೆದರೆ ಅದು ಡಾಕಿಂಗ್ ಎಂದೇ ಓದುಗರು ತಿಳಿಯುತ್ತಾರೆ. ‘ಸಮೀಪಿಸುವಿಕೆ’ ಅಷ್ಟು ಚೆಂದವಿಲ್ಲದಿದ್ದರೂ ಸುಳ್ಳು ಹೇಳುವುದಿಲ್ಲ.

ಆರ್‌ಎಸ್‌ವಿಪಿ ಎಂದರೆ ‘ಇಷ್ಟವಿದ್ದರೆ ಉತ್ತರಿಸಿ’ ಎಂದೇ?

ಪದಶಃ ಹೌದು. ‘ರೆಪೊಂದೆ ಸಿಲ್ ವು ಪ್ಲೆ’ ಎಂಬ ನಾಲ್ಕು ತುಣುಕುಗಳ ಮೊದಲಕ್ಷರಗಳು ಇವು. ‘ಉತ್ತರಿಸಿ, ಅದು ನಿಮಗೆ ಹಿತವಾದರೆ’ ಎಂದು ಬಿಡಿಸಬಹುದು. ಆದರೆ ‘ಸಿಲ್ ವು ಪ್ಲೆ’ ಎಂಬುದು ಫ್ರೆಂಚರ ಬಾಯಲ್ಲಿ ‘ದಯವಿಟ್ಟು’ ಎಂಬಷ್ಟೇ ಸಾಮಾನ್ಯ. ನಾವು ದಯವಿಟ್ಟು ಎಂದಾಗ ಕೇಳುಗರ ದಯೆಯ ಮೇಲೆ ಬಿಡುತ್ತಿಲ್ಲವಷ್ಟೆ. ಹಾಗೆಯೇ ಅಲ್ಲಿ ಆಯ್ಕೆಯೇನೂ ಇಲ್ಲ. ಆರ್‌ಎಸ್‌ವಿಪಿ ಎಂಬುದು ವಿನಯದ ಉಡುಗೆ ತೊಟ್ಟ ತಾಕೀತು: ಬರುತ್ತೀರೋ ಇಲ್ಲವೋ ಹೇಳಲೇಬೇಕು.

ಇಂಗ್ಲಿಷಿನಲ್ಲಿ ಆದದ್ದೇನೆಂದರೆ, ಆ ವಾಕ್ಯ ಮರೆತುಹೋಗಿ ನಾಲ್ಕು ಅಕ್ಷರಗಳೇ ಒಂದು ಪದವಾದವು. ಈಗ ಅದು ನಾಮಪದ (‘ನಿಮ್ಮ ಆರ್‌ಎಸ್‌ವಿಪಿ ತಲುಪಿತು’), ಕ್ರಿಯಾಪದವೂ ಹೌದು (‘ಅವರು ಇನ್ನೂ ಆರ್‌ಎಸ್‌ವಿಪಿ ಮಾಡಿಲ್ಲ’). ಫ್ರೆಂಚಿನಲ್ಲಿ ಈ ಬಳಕೆ ವಿಚಿತ್ರವಾಗಿ ಕೇಳಿಸುತ್ತದೆ.

ಅದರ ಮುಂದೆ ‘ಪ್ಲೀಸ್’ ಹಾಕುವುದು ತಪ್ಪೇ?

ದಯವಿಟ್ಟು ಎರಡು ಬಾರಿ ಬಂದಂತಾಗುತ್ತದೆ, ಅಷ್ಟೆ. ‘ಎಟಿಎಂ ಮೆಷಿನ್’ ಎನ್ನುವವರನ್ನು ತಿದ್ದಲು ಹೊರಡದ ನಾನು ಇದನ್ನೂ ತಿದ್ದುವುದಿಲ್ಲ. ಅಕ್ಷರಗಳು ಪದವಾಗಿ ಹೋದ ಮೇಲೆ ಅವುಗಳ ಒಳಗೆ ಏನಿತ್ತೆಂದು ಯಾರೂ ನೋಡುವುದಿಲ್ಲ. ಆದರೂ ಅಚ್ಚುಕಟ್ಟಾದ ಮುದ್ರಿತ ಆಮಂತ್ರಣವಾದರೆ ಬಿಟ್ಟುಬಿಡುವುದು ಲೇಸು.

ಮದುವೆ ಪತ್ರಿಕೆಯಲ್ಲಿ ಆರ್‌ಎಸ್‌ವಿಪಿ ಕಂಡರೆ ನಾನು ಏನು ಮಾಡಬೇಕು?

ಇದಕ್ಕೆ ಉತ್ತರ ಆ ಅಕ್ಷರಗಳಲ್ಲಿ ಇಲ್ಲ, ಅವುಗಳ ಕೆಳಗೆ ಏನಿದೆ ಎಂಬುದರಲ್ಲಿದೆ.

ಬೆಂಗಳೂರಿನ ಒಂದು ಆರತಕ್ಷತೆಯ ಇಂಗ್ಲಿಷ್ ಪತ್ರಿಕೆಯನ್ನು ಊಹಿಸಿಕೊಳ್ಳಿ. ಕೆಳಮೂಲೆಯಲ್ಲಿ ಆರ್‌ಎಸ್‌ವಿಪಿ ಎಂದು ಅಚ್ಚಾಗಿದೆ, ಅದರಡಿ ಹುಡುಗಿಯ ಚಿಕ್ಕಪ್ಪನ ಮತ್ತು ಸೋದರಮಾವನ ಹೆಸರು, ಎರಡು ಮೊಬೈಲ್ ಸಂಖ್ಯೆ. ಯಾವ ದಿನದೊಳಗೆ ತಿಳಿಸಬೇಕೆಂದು ಇಲ್ಲ. ಇದೇ ಪತ್ರಿಕೆಯ ಕನ್ನಡ ಬದಿಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದಿದೆ. ಪರಿವಾರ ಎಷ್ಟು ದೊಡ್ಡದೆಂದು ಕೇಳದೆ ಎಲ್ಲರನ್ನೂ ಕರೆದವರು ತಲೆ ಎಣಿಸಲು ಕುಳಿತಿಲ್ಲ. ಇಲ್ಲಿ ಆರ್‌ಎಸ್‌ವಿಪಿ ಎಂದರೆ ‘ದಾರಿ ಗೊತ್ತಾಗದಿದ್ದರೆ ಇವರಿಗೆ ಫೋನ್ ಮಾಡಿ’ ಎಂದೋ, ಕನ್ನಡ ಪತ್ರಿಕೆಯ ‘ಸುಖಾಗಮನಾಭಿಲಾಷಿಗಳು’ ಎಂಬ ಸಾಲಿನ ಇಂಗ್ಲಿಷ್ ರೂಪವೆಂದೋ ತಿಳಿಯಬೇಕು. ಭಾರತದಲ್ಲಿ ಇದು ಪದಕ್ಕೆ ಒದಗಿದ ಮೂರನೆಯ ಜನ್ಮ. ಫೋನ್ ಮಾಡಿ ‘ಬರುತ್ತೇವೆ’ ಎಂದರೆ ಚಿಕ್ಕಪ್ಪನಿಗೆ ಸಂತೋಷವಾಗುತ್ತದೆ, ಮಾಡದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ಇನ್ನೊಂದು. ನ್ಯೂಜೆರ್ಸಿಯಲ್ಲಿರುವ ನಿಮ್ಮ ಸ್ನೇಹಿತರ ಮಗಳ ಮದುವೆಯ ಆಮಂತ್ರಣ. ‘ಮೇ 10ರೊಳಗೆ ಆರ್‌ಎಸ್‌ವಿಪಿ’ ಎಂದಿದೆ, ಉತ್ತರಿಸಲು ಒಂದು ಕೊಂಡಿ ಇದೆ, ಊಟದಲ್ಲಿ ಸಸ್ಯಾಹಾರವೋ ಅಲ್ಲವೋ ಎಂಬ ಪ್ರಶ್ನೆಯೂ ಇದೆ. ಇಲ್ಲಿ ದಿನಾಂಕ ಸುಮ್ಮನೆ ಇಟ್ಟದ್ದಲ್ಲ. ಅಡುಗೆಯವರಿಗೆ ತಟ್ಟೆಯ ಲೆಕ್ಕದಲ್ಲಿ ಹಣ ಕೊಡಬೇಕು, ಯಾವ ಮೇಜಿನಲ್ಲಿ ಯಾರೆಂದು ಹೆಸರು ಬರೆಯಬೇಕು. ಹೋಗುವುದಾದರೂ ಹೋಗದಿದ್ದರೂ ಆ ದಿನದೊಳಗೆ ತಿಳಿಸಬೇಕು. ಲಕೋಟೆಯ ಮೇಲೆ ನಿಮ್ಮಿಬ್ಬರ ಹೆಸರಿದ್ದರೆ ಕರೆ ಇಬ್ಬರಿಗೇ. ಊರಿನಿಂದ ಬಂದಿರುವ ಅತ್ತೆಯವರನ್ನೂ ಕರೆದುಕೊಂಡು ಹೋಗಬೇಕೆಂದಿದ್ದರೆ ಮೊದಲೇ ಕೇಳಬೇಕು, ಕೊನೆಯ ಗಳಿಗೆಯಲ್ಲಿ ಜೊತೆಗೆ ಹೋಗಿ ನಿಲ್ಲುವಂತಿಲ್ಲ. ‘ನೋಡೋಣ’ ಎಂಬುದು ಉತ್ತರವಲ್ಲ. ನಮ್ಮಲ್ಲಿ ಮುಖದ ಮೇಲೆ ಇಲ್ಲವೆನ್ನುವುದು ಒರಟೆನಿಸುತ್ತದೆ, ಹಾಗಾಗಿ ಸುಮ್ಮನಿದ್ದುಬಿಡುತ್ತೇವೆ. ಈ ಪದ್ಧತಿಯಲ್ಲಿ ಆ ಮೌನವೇ ಒರಟು.

ಕೆಲವು ಆಮಂತ್ರಣಗಳಲ್ಲಿ ‘ರಿಗ್ರೆಟ್ಸ್ ಓನ್ಲಿ’ ಎಂದಿರುತ್ತದೆ. ಅಂದರೆ ಬಾರದವರು ಮಾತ್ರ ತಿಳಿಸಿದರೆ ಸಾಕು, ಸುಮ್ಮನಿದ್ದರೆ ನೀವು ಬರುತ್ತೀರೆಂದೇ ಲೆಕ್ಕ. ಅಭ್ಯಾಸಬಲದಿಂದ ಸುಮ್ಮನಿದ್ದು ಹೋಗದಿದ್ದರೆ ಖಾಲಿ ಕುರ್ಚಿಯ ಮೇಲೆ ನಿಮ್ಮ ಹೆಸರೇ ಇರುತ್ತದೆ.

ಫ್ರೆಂಚರಿಗೇ ಪರಿಚಯವಿಲ್ಲದ ‘ಫ್ರೆಂಚ್’ ಮಾತುಗಳಿವೆಯೇ?

ಇವೆ. ಕಛೇರಿ ಮುಗಿದಾಗ ಇನ್ನೊಂದು ಹಾಡಿಗಾಗಿ ಇಂಗ್ಲಿಷ್ ಸಭಿಕರು ‘ಆಂಕೋರ್’ ಎಂದು ಕೂಗುತ್ತಾರೆ. ಆ ಪದಕ್ಕೆ ‘ಮತ್ತೆ’, ‘ಇನ್ನೂ’ ಎಂಬ ಅರ್ಥ ಫ್ರೆಂಚಿನಲ್ಲಿ ಇದ್ದೇ ಇದೆ, ಆದರೆ ಫ್ರೆಂಚ್ ಸಭಿಕರು ಕೂಗುವುದು ‘ಬಿಸ್’ ಎಂಬ ಲ್ಯಾಟಿನ್ ಪದವನ್ನು. ಕಾವ್ಯನಾಮಕ್ಕೆ ಇಂಗ್ಲಿಷಿನವರು ಹೇಳುವ ‘ನೋಂ ದ ಪ್ಲೂಮ್’ ಇಂಗ್ಲೆಂಡಿನಲ್ಲೇ ಕಟ್ಟಿದ ಮಾತು. ಫ್ರೆಂಚಿನಲ್ಲಿ ಮೊದಲಿಗೆ ಇದ್ದದ್ದು ಸೈನಿಕರು ಇಟ್ಟುಕೊಳ್ಳುತ್ತಿದ್ದ ‘ನೋಂ ದ ಗೇರ್’, ಅಂದರೆ ಯುದ್ಧದ ಹೆಸರು. ದ್ವಂದ್ವಾರ್ಥಕ್ಕೆ ಹೇಳುವ ‘ಡಬಲ್ ಆಂತಾಂದ್ರ’ ಕೂಡ ಆ ರೂಪದಲ್ಲಿ ಇಂದಿನ ಫ್ರೆಂಚಿನಲ್ಲಿ ನಡೆಯುವುದಿಲ್ಲ.

ಉದ್ಯೋಗ ಹುಡುಕುವವರು ನೆನಪಿಡಬೇಕಾದದ್ದು ರೆಸ್ಯೂಮೆ. ಫ್ರೆಂಚಿನಲ್ಲಿ ಅದು ಯಾವುದೇ ಬರಹದ ‘ಸಾರಾಂಶ’ ಮಾತ್ರ. ಫ್ರಾನ್ಸಿನ ಸಂಸ್ಥೆಗೆ ಅರ್ಜಿ ಹಾಕುವಾಗ ಅವರು ಕೇಳುವುದು ಸಿ.ವಿ.

ಹೋಟೆಲಿನಲ್ಲಿ ‘ಆಂತ್ರೆ’ ಎಂದರೆ ಮೊದಲ ತಿಂಡಿಯೋ, ಮುಖ್ಯ ಊಟವೋ?

ನೀವು ಯಾವ ದೇಶದಲ್ಲಿ ಕುಳಿತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಪದದ ಅರ್ಥ ಪ್ರವೇಶ. ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದಲ್ಲಿ ಅದು ಊಟದ ಆರಂಭದ ಸಣ್ಣ ಬಡಿಸುವಿಕೆ, ಅಮೆರಿಕದಲ್ಲಿ ಮುಖ್ಯ ಖಾದ್ಯ. ಹಿಂದಿನ ದೊಡ್ಡ ಔತಣಗಳಲ್ಲಿ ಸೂಪು ಮುಗಿದ ಮೇಲೆ, ಹುರಿದ ಮಾಂಸದ ದೊಡ್ಡ ತುಂಡು ಬರುವ ಮೊದಲು, ಆಂತ್ರೆ ಎಂಬ ಖಾದ್ಯ ಬರುತ್ತಿತ್ತು. ಅದು ಹೊಟ್ಟೆ ತುಂಬುವಂಥದ್ದೇ. ಔತಣಗಳು ಚಿಕ್ಕದಾದಾಗ ಅಮೆರಿಕನ್ನರ ಬಳಕೆಯಲ್ಲಿ ಹೆಸರು ಗಟ್ಟಿ ಖಾದ್ಯದ ಜೊತೆ ಉಳಿಯಿತು, ಫ್ರೆಂಚರ ಬಳಕೆಯಲ್ಲಿ ಊಟದ ಆರಂಭದ ಕಡೆಗೆ ಸರಿಯಿತು. ಹಾಗೆಯೇ ‘ಆ ಲಾ ಮೋಡ್’ ಎಂದರೆ ಫ್ರೆಂಚಿನಲ್ಲಿ ‘ಈಗಿನ ಫ್ಯಾಷನ್ನಿನ’, ಅಮೆರಿಕದ ಸಿಹಿತಿನಿಸುಗಳ ಪಟ್ಟಿಯಲ್ಲಿ ‘ಮೇಲೆ ಐಸ್‌ಕ್ರೀಮ್ ಇಟ್ಟದ್ದು’.

ಕೊನೆಯ ಅಕ್ಷರ ಯಾವಾಗಲೂ ನುಂಗಬೇಕೇ?

ಬರೆದಂತೆ ಓದುವ ಕನ್ನಡಿಗರು ಮೊದಲು ಫೋ ಪಾವನ್ನು ‘ಫಾಕ್ಸ್ ಪಾಸ್’ ಎನ್ನುತ್ತಾರೆ. ಯಾರೋ ತಿದ್ದಿದ ಮೇಲೆ ಎಲ್ಲ ಕಡೆಯೂ ಕೊನೆಯ ವ್ಯಂಜನವನ್ನು ನುಂಗಲು ತೊಡಗುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ನರಳುತ್ತಿರುವವನನ್ನು ಮುಗಿಸುವ ಕರುಣೆಯ ಕೊನೆಯ ಏಟಿಗೆ ‘ಕೂ ದ ಗ್ರಾಸ್’ ಎಂದು ಹೆಸರು. ‘ಗ್ರಾಸ್’ ಪದದ ಕೊನೆಗೆ ಇ ಅಕ್ಷರ ಇರುವುದರಿಂದ ಅದರ ಹಿಂದಿನ ವ್ಯಂಜನ ಕೇಳಿಸಲೇಬೇಕು. ಇಂಗ್ಲಿಷ್ ಮಾತನಾಡುವವರೇ ಅನೇಕರು ‘ಕೂ ದ ಗ್ರಾ’ ಎಂದು ಹೇಳುತ್ತಾರೆ. ಫ್ರೆಂಚ್ ಕಿವಿಗೆ ಅದು ‘ಕೊಬ್ಬಿನ ಏಟು’. ಕೊನೆಗೆ ಇ ಇದ್ದರೆ ವ್ಯಂಜನವನ್ನು ಉಳಿಸಿ ಎಂಬ ನಿಯಮ ಬಹುತೇಕ ಕಡೆ ಕೈಹಿಡಿಯುತ್ತದೆ.

ಅಕ್ಷರಗಳ ಮೇಲಿನ ಗೆರೆಗಳು, ಓರೆ ಅಕ್ಷರಗಳು ಬೇಕೇ?

ಇಂಗ್ಲಿಷ್ ನಿಘಂಟಿನಲ್ಲಿ ಸಾದಾ ಅಕ್ಷರದಲ್ಲಿ ಸಿಗುವ ರಾಂದೆವೂ, ಆಂಕೋರ್ ಮುಂತಾದವಕ್ಕೆ ಓರೆ ಅಕ್ಷರ ಬೇಡ. ರೆಸ್ಯೂಮೆಯ ಮೇಲಿನ ಗೆರೆ ಬಿಟ್ಟರೆ ಅದು ‘ಮುಂದುವರಿಸು’ ಎಂಬ ಕ್ರಿಯಾಪದದ ಹಾಗೆ ಕಾಣುತ್ತದೆ, ಅಲ್ಲಿ ಹಾಕುವುದು ಒಳ್ಳೆಯದು.

ಹೆಣ್ಣುಮಕ್ಕಳ ಹೆಸರಿನ ನಡುವೆ ಬರುವ ‘ನೇ’ ಏನು? ನಮ್ಮ ಹೆಸರುಗಳಿಗೆ ಅದು ಹೊಂದುತ್ತದೆಯೇ?

ಪದಶಃ ‘ಹುಟ್ಟಿದವಳು’. ಮದುವೆಗೆ ಮುಂಚಿನ ಕುಟುಂಬದ ಹೆಸರನ್ನು ಸೂಚಿಸಲು ಇಂಗ್ಲಿಷ್ ಇದನ್ನು ಬಳಸುತ್ತದೆ. ಹುಟ್ಟುವಾಗ ಮಗುವಿಗೆ ಇರುವುದು ಕುಟುಂಬದ ಹೆಸರು, ಸ್ವಂತ ಹೆಸರು ಆಮೇಲೆ ಇಟ್ಟದ್ದು. ಆದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ‘ನೇ’ ನಂತರ ಕುಲನಾಮ ಮಾತ್ರ ಬರಬೇಕು. ಗಂಡಸರಿಗೂ ಇದೆ, ಕಾಗುಣಿತದಲ್ಲಿ ಕೊನೆಯ ಇ ಒಂದು ಕಡಿಮೆ, ಉಚ್ಚಾರ ಅದೇ. ಮದುವೆ ನಿಶ್ಚಯವಾದ ಹುಡುಗ, ಹುಡುಗಿಯರಿಗೆ ಹೇಳುವ ‘ಫಿಯಾನ್ಸೆ’ಯಲ್ಲೂ ಹೀಗೆಯೇ.

ತವರಿನಲ್ಲಿ ಕುಲ್ಕರ್ಣಿಯಾಗಿದ್ದು ಈಗ ದೇಶಪಾಂಡೆಯಾದವರಿಗೆ ‘ನೇ’ ಸಲೀಸಾಗಿ ಕೂರುತ್ತದೆ. ಆದರೆ ಹಳೆಯ ಮೈಸೂರಿನ ಕಡೆ ಅನೇಕರ ಹೆಸರಿನ ಹಿಂದೆ ಊರಿನ, ತಂದೆಯ ಮೊದಲಕ್ಷರಗಳಷ್ಟೇ ಇರುತ್ತವೆ, ಕುಲನಾಮವೇ ಇರುವುದಿಲ್ಲ. ಅಲ್ಲಿ ‘ನೇ ಬಿ. ಎಸ್.’ ಎಂದು ಬರೆದರೆ ಅರ್ಥವಾಗುವುದಿಲ್ಲ. ವೀಸಾ ಅಥವಾ ಬ್ಯಾಂಕಿನ ಇಂಗ್ಲಿಷ್ ಅರ್ಜಿಯಲ್ಲಿ ಮದುವೆಗೆ ಮುಂಚಿನ ಹೆಸರು ಕೇಳಿದ್ದರೆ, ಹಳೆಯ ಪಾಸ್‌ಪೋರ್ಟ್ ಇಲ್ಲವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಪೂರ್ತಿ ಹೆಸರನ್ನು ಹಾಗೆಯೇ ಬರೆಯಿರಿ, ‘ನೇ’ ಸೇರಿಸುವ ಅಗತ್ಯವಿಲ್ಲ.